ಕಾಂಬಿನೇಷನ್ ಯಾವುದು ಅಂತ ಕೇಳಿದರೆ ಮದುವೆ ಮಾತು ಯಾಕೆ ಬರುತ್ತದೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ಮಂಡ್ಯ, ಮೈಸೂರಿನ ಯಾವ ಪಿಯು ಕಾಲೇಜಿನ ಆಫೀಸಿನ ಮುಂದೆ ನಿಂತರೂ ಒಂದೇ ಪ್ರಶ್ನೆ ಕೇಳುತ್ತದೆ. ಪಿಸಿಎಂಬಿನಾ, ಪಿಸಿಎಂಸಿನಾ? ಎರಡರಲ್ಲೂ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರುತ್ತದೆ, ಕೊನೆಯ ಬಿ ಅಂದರೆ ಬಯಾಲಜಿ, ಸಿ ಅಂದರೆ ಕಂಪ್ಯೂಟರ್ ಸೈನ್ಸ್. ಉತ್ತರ ಹೇಳುವುದು ಮಕ್ಕಳಲ್ಲ. ಅಪ್ಪ ಹೇಳುತ್ತಾನೆ, ಅಪ್ಪನ ಪಕ್ಕ ನಿಂತ ಮಾವ ತಿದ್ದುತ್ತಾನೆ, ಮನೆಯಲ್ಲಿ ಉಳಿದ ಅವ್ವ ಫೋನಿನಲ್ಲಿ ಇನ್ನೊಂದು ಸಲ ಕೇಳುತ್ತಾಳೆ. ಅರ್ಜಿಗೆ ಸಹಿ ಹಾಕುವ ಹುಡುಗನಿಗೋ ಹುಡುಗಿಗೋ ಹದಿನೈದು, ಹದಿನಾರು ವಯಸ್ಸು.

ಆ ವಯಸ್ಸಿನಲ್ಲಿ ತುಂಬಿದ ಒಂದು ಕಾಲಂ ಏನು ಮಾಡುತ್ತದೆ ನೋಡಿ. ಪಿಸಿಎಂಸಿ ಅಂದರೆ ಬಯಾಲಜಿ ಬಿಟ್ಟ ಹಾಗೆ. ಬಯಾಲಜಿ ಬಿಟ್ಟರೆ ಎಂಬಿಬಿಎಸ್ ಇಲ್ಲ, ವೆಟರ್ನರಿ ಇಲ್ಲ, ಸಿಇಟಿ ಬರೆದು ಬಿ.ಎಸ್ಸಿ. ಕೃಷಿಗೆ ಹೋಗುವ ಮಾಮೂಲಿ ದಾರಿಯೂ ಇಲ್ಲ. ಪಿಸಿಎಂಬಿ ತಗೊಂಡವರಿಗೆ ಇಂಜಿನಿಯರಿಂಗ್ ಬಾಗಿಲು ತೆರೆದೇ ಇರುತ್ತದೆ, ಕಂಪ್ಯೂಟರ್ ಸೈನ್ಸಿಗೂ ಹೋಗಬಹುದು. ಇಷ್ಟು ಸರಳವಾದ ಸಂಗತಿ ಆ ಕೌಂಟರಿನಲ್ಲಿ ಚರ್ಚೆಗೆ ಬರುವುದು ಅಪರೂಪ. ಚರ್ಚೆಗೆ ಬರುವುದು ಬೇರೆ. ಯಾವುದಕ್ಕೆ ಬೇಗ ಕೆಲಸ ಸಿಗುತ್ತದೆ, ಕೆಲಸ ಸಿಕ್ಕಿದರೆ ಎಂಥ ಕಡೆಯಿಂದ ಸಂಬಂಧ ಬರುತ್ತದೆ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಈ ಎರಡನೇ ಲೆಕ್ಕದ ಬಗ್ಗೆ. ಮನೆಯವರು ಮಕ್ಕಳ ಓದನ್ನು ನಿರ್ಧರಿಸುತ್ತಾರೆ ಅನ್ನುವುದು ಹಳೇ ದೂರು, ಅದರಲ್ಲಿ ಅರ್ಧ ಮಾತ್ರ ನಿಜ ಇದೆ. ಉಳಿದರ್ಧ ತಿಳಿಯಬೇಕಾದರೆ ಓದಿನ ಮಾತಿನೊಳಗೆ ಮದುವೆ ಎಲ್ಲಿ ಅಡಗಿ ಕೂತಿದೆ ಅಂತ ನೋಡಬೇಕು.

ಮೊದಲು ಸ್ವಲ್ಪ ಮನಶ್ಶಾಸ್ತ್ರ. ಹದಿಹರೆಯದ ಮುಖ್ಯ ಕೆಲಸವೇ "ನಾನು ಯಾರು" ಅನ್ನುವುದನ್ನು ಕಟ್ಟಿಕೊಳ್ಳುವುದು ಅಂತ ಎರಿಕ್ ಎರಿಕ್ಸನ್ 1950ರಲ್ಲಿ ಬರೆದರು. ಅದನ್ನು ಅಳೆಯುವ ದಾರಿ ತೋರಿಸಿದವರು ಜೇಮ್ಸ್ ಮಾರ್ಸಿಯಾ, 1966ರಲ್ಲಿ. ಅವರು ನೋಡಿದ್ದು ಎರಡೇ ಸಂಗತಿ. ಈ ಹುಡುಗ ಬೇರೆ ಬೇರೆ ದಾರಿಗಳನ್ನು ನಿಜವಾಗಿ ತೂಗಿ ನೋಡಿದ್ದಾನಾ? ಯಾವುದಾದರೂ ಒಂದಕ್ಕೆ ಗಟ್ಟಿಯಾಗಿ ನಿಂತಿದ್ದಾನಾ? ತೂಗಿಯೂ ನೋಡಿ ನಿಂತಿದ್ದರೆ ಅದು ಅವನದೇ ನಿಲುವು. ಇನ್ನೂ ತೂಗುತ್ತಿದ್ದರೆ ಹುಡುಕಾಟ. ತೂಗಿಯೂ ಇಲ್ಲ ನಿಂತೂ ಇಲ್ಲ ಅಂದರೆ ತೇಲಾಟ. ತೂಗಿ ನೋಡದೆಯೇ ಗಟ್ಟಿಯಾಗಿ ನಿಂತಿದ್ದರೆ ಅದಕ್ಕೆ ಫೋರ್‌ಕ್ಲೋಷರ್ ಅಂತ ಹೆಸರಿಟ್ಟರು. ಹುಡುಕಾಟ ಶುರುವಾಗುವ ಮೊದಲೇ ಬಾಗಿಲು ಹಾಕಿದ ಸ್ಥಿತಿ ಅದು.

ಮಾರ್ಸಿಯಾ ಸಂದರ್ಶನದಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಇದಕ್ಕಿಂತ ಒಳ್ಳೆಯದೇನಾದರೂ ಸಿಕ್ಕಿದರೆ ಈಗ ಆರಿಸಿಕೊಂಡಿರುವ ಕೆಲಸವನ್ನು ಬಿಡೋಕೆ ಎಷ್ಟರ ಮಟ್ಟಿಗೆ ತಯಾರಿದ್ದೀಯ? ಸ್ವಂತ ನಿಲುವು ಇರುವವನು "ಬಿಡಬಹುದೇನೋ, ಆದರೆ ನನಗೆ ಇದಕ್ಕಿಂತ ಒಳ್ಳೆಯದು ಯಾವುದಿರುತ್ತದೆ ಅಂತ ಹೊಳೆಯುತ್ತಿಲ್ಲ" ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ತೇಲಾಡುವವನು ಈಗಲೇ ಬಿಡ್ತೀನಿ ಅನ್ನುತ್ತಾನೆ. ಬಾಗಿಲು ಮುಚ್ಚಿಕೊಂಡವನು "ಬಿಡಲ್ಲ, ಮೊದಲಿಂದ ಇದೇ ಆಸೆ, ಮನೆಯವರಿಗೂ ಖುಷಿ, ನನಗೂ ಖುಷಿ" ಅನ್ನುತ್ತಾನೆ. ನಮ್ಮ ಕಡೆ ಯಾವ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿದರೂ ಈ ಕೊನೆಯ ಉತ್ತರವೇ ಜಾಸ್ತಿ ಬರುತ್ತದೆ ಅಲ್ವಾ?

ಹಾಗಾದರೆ ನಮ್ಮ ಮಕ್ಕಳೆಲ್ಲ ಅರೆಬೆಂದವರು ಅಂತ ತೀರ್ಮಾನಿಸಿಬಿಡಬಹುದು. ಕೆಲವರು ತೀರ್ಮಾನಿಸಿಯೂ ಇದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾರ್ಸಿಯಾ ಮಾತಾಡಿಸಿದ್ದು ಅಮೆರಿಕದ 86 ಕಾಲೇಜು ವಿದ್ಯಾರ್ಥಿಗಳನ್ನು, ಎಲ್ಲರೂ ಗಂಡುಹುಡುಗರು. ಕೇಳಿದ ವಿಷಯ ಮೂರು: ಕೆಲಸ, ಧರ್ಮ, ರಾಜಕೀಯ. ಮದುವೆ ಆ ಪಟ್ಟಿಯಲ್ಲೇ ಇರಲಿಲ್ಲ. ಮದುವೆಯನ್ನೇ ಕೇಳದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಮಳವಳ್ಳಿಯ ಹುಡುಗಿಯ "ನಾನು ಯಾರು" ಅನ್ನುವುದನ್ನು ಅಳೆಯಲು ಹೊರಟರೆ ಅರ್ಧ ಹುಡುಗಿ ಮಾತ್ರ ಕಾಣುತ್ತಾಳೆ. ಮುಂದೆ ಬೇರೆಯವರು ಈ ಪಟ್ಟಿಗೆ ಸಂಸಾರದ ವಿಷಯಗಳನ್ನೂ ಸೇರಿಸಿದರು, ಅದು ಬೇರೆ ಮಾತು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮನೆಯವರ ಮಾತು ಕೇಳಿದರೆ ಸ್ವಂತಿಕೆ ಹೋಯಿತು ಅನ್ನುವ ಲೆಕ್ಕ ಎಲ್ಲ ಕಡೆ ಸರಿಹೋಗುವುದಿಲ್ಲ. ಜೋನ್ ಮಿಲ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಂಬತ್ತರ ದಶಕದಿಂದ ಭಾರತೀಯರನ್ನೂ ಅಮೆರಿಕನ್ನರನ್ನೂ ಹೋಲಿಸಿ ನೋಡಿದವರು, ಅವರ ಹೆಸರಾದ ಅಧ್ಯಯನಗಳಲ್ಲಿ ಭಾರತದ ಕಡೆಯಿಂದ ಉತ್ತರ ಕೊಟ್ಟವರು ನಮ್ಮ ಮೈಸೂರಿನವರೇ. ಹತ್ತಿರದವರಿಗೆ ನೆರವಾಗುವುದನ್ನು ಅಮೆರಿಕದವರು ಬಹಳ ಸಲ "ಅವರವರ ಇಷ್ಟ" ಅಂದರೆ, ಮೈಸೂರಿನವರು ಸಣ್ಣ ನೆರವನ್ನೂ ಕರ್ತವ್ಯ ಅಂದರು. 2011ರಲ್ಲಿ ಅವರು ಸಂಗಡಿಗರ ಜೊತೆ ಪ್ರಕಟಿಸಿದ ಕೆಲಸ ಇನ್ನೂ ಮುಂದೆ ಹೋಯಿತು. ಎದುರಿನವರು ನಿರೀಕ್ಷೆ ಇಟ್ಟುಕೊಂಡಿದ್ದಾರೆ ಅಂದಾಗ ಅಮೆರಿಕನ್ನರಿಗೆ ಇದು ನನ್ನ ಆಯ್ಕೆ ಅನ್ನುವ ಭಾವ ಕಡಿಮೆಯಾಗುತ್ತದೆ. ಭಾರತೀಯರಿಗೆ ಹಾಗಾಗಲಿಲ್ಲ. ಕರ್ತವ್ಯವೂ ಇಷ್ಟವೂ ಒಟ್ಟಿಗೇ ಇರಬಹುದು ಅಂತಾಯಿತು. ಅಪ್ಪನ ಸಾಲ ತೀರಿಸಬೇಕು ಅಂತ ಕೆಲಸಕ್ಕೆ ಸೇರಿದ ಹುಡುಗಿ ಬಲವಂತಕ್ಕೆ ಸೇರಿದಳು ಅಂತ ನಾವು ಹೊರಗಿನಿಂದ ಹೇಳುವ ಹಾಗಿಲ್ಲ.

ಟರ್ಕಿಯ ಮನಶ್ಶಾಸ್ತ್ರಜ್ಞೆ ಚಿಯ್ದೆಮ್ ಕಾಯಿತ್‌ಚಿಬಾಶಿ ಇದನ್ನು ಇನ್ನೂ ಸ್ಪಷ್ಟ ಮಾಡಿದರು. ಮನೆಯವರಿಗೆ ಎಷ್ಟು ಹತ್ತಿರ ಇದ್ದೀಯ ಅನ್ನುವುದು ಒಂದು ಅಳತೆ. ನಿನ್ನ ಬದುಕಿನ ನಿರ್ಧಾರದಲ್ಲಿ ನಿನ್ನ ಕೈ ಎಷ್ಟಿದೆ ಅನ್ನುವುದು ಇನ್ನೊಂದು ಅಳತೆ. ಎರಡನ್ನೂ ಒಂದೇ ದಾರಕ್ಕೆ ಕಟ್ಟಬೇಡಿ ಅಂದರು. ಮನೆಯಿಂದ ದೂರ ಹೋದವನೆಲ್ಲ ಸ್ವತಂತ್ರನಲ್ಲ, ಮನೆಗೆ ಅಂಟಿಕೊಂಡವಳೆಲ್ಲ ಪರಾಧೀನಳೂ ಅಲ್ಲ. ನಮ್ಮ ಊರುಗಳನ್ನು ನೋಡಿದರೆ ಇದು ಸರಿ ಅನ್ನಿಸುತ್ತದೆ.

ಹಾಗಾದರೆ ಎಲ್ಲಿ ಎಡವುತ್ತದೆ? ಒಂದು ಮನೆಯ ಕಥೆ ಹೇಳುತ್ತೇನೆ. ಇದು ಒಂದೇ ಮನೆಯಲ್ಲ, ಗುರುತು ಸಿಗಬಾರದು ಅಂತ ಮೂರ್ನಾಲ್ಕು ಮನೆಗಳನ್ನು ಸೇರಿಸಿ ಹೊಲಿದಿದ್ದು. ಪಾಂಡವಪುರದ ಕಡೆ ಹಳ್ಳಿ, ನಾಲೆ ನೀರಿನ ಎರಡು ಎಕರೆ, ಕಬ್ಬು, ಭತ್ತ, ಡೈರಿಗೆ ಹಾಲು ಹಾಕುವ ಮೂರು ಹಸು. ಅಕ್ಕ, ತಮ್ಮ. ಅಪ್ಪ ಪಿಯುಸಿ ಫೇಲು. ಅವನ ಬಾಯಲ್ಲಿ ಒಂದೇ ಮಾತು, "ನಮ್ಮಂಗೆ ಕೆಸರಲ್ಲಿ ಬೀಳೋದು ಬೇಡ ಕಣ್ರವ್ವಾ."

ಅಕ್ಕನಿಗೆ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ಬಂತು. ಪಿಸಿಎಂಬಿ ಸೇರಿಸಿದರು, ಡಾಕ್ಟ್ರಾಗಲಿ ಅಂತ. ನೀಟ್‌ನಲ್ಲಿ ಸರ್ಕಾರಿ ಸೀಟಿನಷ್ಟು ಅಂಕ ಬರಲಿಲ್ಲ. ಅವಳೇ ಬಿ.ಎಸ್ಸಿ. ನರ್ಸಿಂಗ್ ಮಾಡ್ತೀನಿ ಅಂದಳು. ಬೇಡ ಅಂದರು. ಕಾರಣ ಕೇಳಿದರೆ ಅಪ್ಪ ಏನೂ ಹೇಳಲಿಲ್ಲ, ಅವ್ವ ಹೇಳಿದಳು: "ನೈಟ್ ಡ್ಯೂಟಿ ಅಂದ್ರೆ ಗಂಡಿನ ಕಡೆಯವ್ರು ಒಪ್ಪಲ್ಲ." ಗಂಡು ಯಾರು ಅಂತ ಇನ್ನೂ ಗೊತ್ತಿಲ್ಲ, ಹುಡುಗಿಗೆ ಹದಿನೆಂಟು, ಆದರೂ ಎಂದೋ ಬರಬೇಕಾದ ಗಂಡಿನ ಕಡೆಯವರು ಆಗಲೇ ಆ ಮನೆಯ ಹಾಲ್‌ನಲ್ಲಿ ಕೂತಿದ್ದರು. ಸಿಇಟಿ ಆಪ್ಷನ್ ಎಂಟ್ರಿ ಆಗಿದ್ದು ಸೈಬರ್ ಸೆಂಟರಿನಲ್ಲಿ, ಮಾಡಿದ್ದು ಚಿಕ್ಕಪ್ಪನ ಮಗ. ಮೈಸೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಅಂತಾಯಿತು, ಹಾಸ್ಟೆಲ್ ಬೇಡ.

ಆ ದಿನ ಮಾರ್ಸಿಯಾ ಪ್ರಶ್ನೆ ಕೇಳಿದ್ದರೆ ಅವಳ ಉತ್ತರ ಅಚ್ಚೊತ್ತಿದ ಹಾಗೆ "ಎಲ್ರಿಗೂ ಖುಷಿ, ನಂಗೂ ಖುಷಿ". ಆದರೆ ಮುಂದೆ ನಡೆದದ್ದು ಸ್ವಾರಸ್ಯದ್ದು. ಮೂರನೇ ವರ್ಷದಲ್ಲಿ ಡೇಟಾಬೇಸ್ ವಿಷಯ ಅವಳಿಗೆ ಹಿಡಿಸಿತು. ಇಂಟರ್ನ್‌ಶಿಪ್ ಸಿಕ್ಕಿತು. ಕೋಡಿಂಗ್‌ನಲ್ಲಿ ಯಾವುದು ಬೋರು, ಯಾವುದು ಇಷ್ಟ ಅಂತ ಬಿಡಿಸಿ ಹೇಳುವಷ್ಟು ಗೊತ್ತಾಯಿತು. ಅವಳು ಆರಿಸಿಕೊಳ್ಳದ ಓದು ನಾಲ್ಕನೇ ವರ್ಷದ ಹೊತ್ತಿಗೆ ಅವಳದೇ ಆಗಿತ್ತು. ಇದನ್ನು ಈಚಿನ ಸಂಶೋಧಕರು, ಮುಖ್ಯವಾಗಿ ಬೆಲ್ಜಿಯಂನ ಕೂನ್ ಲಾಯ್ಕ್ಸ್ ಮತ್ತು ಸಂಗಡಿಗರು ಚೆನ್ನಾಗಿ ಹಿಡಿದಿದ್ದಾರೆ. ಹುಡುಕಾಟ ಅಂದರೆ ಆಯ್ಕೆಗೆ ಮೊದಲು ನಾಲ್ಕು ದಾರಿ ನೋಡುವುದು ಮಾತ್ರ ಅಲ್ಲ. ಆಯ್ಕೆ ಆದ ಮೇಲೆ ಅದರ ಆಳಕ್ಕಿಳಿದು ಇದು ನನಗೆ ಹೊಂದುತ್ತದಾ ಅಂತ ಪರೀಕ್ಷೆ ಮಾಡುವುದೂ ಹುಡುಕಾಟವೇ. ಮನೆಯವರು ಆರಿಸಿದ ದಾರಿಯಲ್ಲೂ ಈ ಎರಡನೆಯದಕ್ಕೆ ಜಾಗ ಇರುತ್ತದೆ.

ತಮ್ಮನ ವಿಷಯ ಬೇರೆ. ಅವನಿಗೆ ಹಸು ಅಂದರೆ ಪ್ರಾಣ. ಯಾವ ಹಸು ಯಾವಾಗ ಬೆದೆಗೆ ಬರುತ್ತದೆ, ಕೆಚ್ಚಲು ಬಾವು ಶುರುವಾಗಿದೆಯಾ, ಎಲ್ಲ ಅಪ್ಪನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ರಾತ್ರಿ ನೀರಿನ ಸರದಿ ಬಂದಾಗ ಟಾರ್ಚ್ ಹಿಡಿದು ಹೋಗುವವನೂ ಅವನೇ. ಪಿಸಿಎಂಬಿ ತಗೋತೀನಿ, ವೆಟರ್ನರಿ ಸಿಗದಿದ್ದರೆ ವಿ.ಸಿ. ಫಾರಂ ಕೃಷಿ ಕಾಲೇಜಿಗೆ ಹೋಗ್ತೀನಿ ಅಂದ. ಹದಿನಾರು ವರ್ಷದವನ ಬಾಯಲ್ಲಿ ಇಷ್ಟು ಖಚಿತವಾದ ಮಾತು ಬರುವುದೇ ಅಪರೂಪ. ಮನೆಯವರು ಪಿಸಿಎಂಸಿ ಬರೆಸಿದರು. ಅಪ್ಪ ಹೇಳಿದ ಕಾರಣ, ಬಯಾಲಜಿ ಓದೋದು ಜಾಸ್ತಿ, ಇಂಜಿನಿಯರಿಂಗ್‌ಗೆ ಅದು ಬೇಕಿಲ್ಲ. ಹೇಳದ ಕಾರಣ ಇಡೀ ಊರಿಗೆ ಗೊತ್ತು. ಬೇಸಾಯ ಅಂದರೆ ಹೆಣ್ಣು ಕೊಡಲ್ಲ.

ಇದು ಸುಮ್ನೆ ಹೆದರಿಕೆಯಲ್ಲ. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೋದದ್ದು ನೆನಪಿರಬಹುದು. ಹೆಣ್ಣು ಸಿಗಲಿ ಅಂತ ಮಾದಪ್ಪನಿಗೆ ಹರಕೆ. ಸುದ್ದಿವಾಹಿನಿಗಳು ನಗೆಚಾಟಿಕೆ ಮಾಡಿದವು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಹೆಣ್ಣುಭ್ರೂಣ ಹತ್ಯೆಯ ಕಳಂಕ ಹೊತ್ತ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಒಂದು ಕಡೆ, ಓದಿದ ಹೆಣ್ಣುಮಕ್ಕಳು ಗದ್ದೆ ಕೆಲಸ, ಸಗಣಿ, ಸಾಲ ಬೇಡ ಅನ್ನುವುದು ಇನ್ನೊಂದು ಕಡೆ. ಅವರು ಬೇಡ ಅನ್ನುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಅವರ ಅವ್ವಂದಿರ ಬೆನ್ನು ನೋಡಿ ಬೆಳೆದವರು ಅವರು.

ಈ ಸುದ್ದಿ ಮೂವತ್ತು ದಾಟಿದ ಗಂಡಸರ ಸಮಸ್ಯೆಯಾಗಿಯೇ ಉಳಿದುಬಿಟ್ಟಿತು. ಅದು ಹದಿನಾರರ ಹುಡುಗನ ಕಾಂಬಿನೇಷನ್ ಕಾಲಂವರೆಗೆ ಹಿಂದಕ್ಕೆ ಹರಿದು ಬಂದದ್ದನ್ನು ಯಾರಾದರೂ ಬರೆದದ್ದು ನಾನು ನೋಡಲಿಲ್ಲ. ಇನ್ನೂ ಒಂದು ಸಂಗತಿ ಇದೆ. ಇದೇ ಮನೆಗೆ ಅಕ್ಕನನ್ನು ಕೇಳಿಕೊಂಡು ಪಕ್ಕದೂರಿನ ಒಬ್ಬ ಹುಡುಗನ ಕಡೆಯವರು ಬಂದಿದ್ದರು. ನಾಲ್ಕು ಎಕರೆ, ಒಳ್ಳೆ ಹುಡುಗ, ಕುಡಿತ ಇಲ್ಲ, ಡೈರಿ ಚೆನ್ನಾಗಿ ನಡೆಸುತ್ತಾನೆ. ಅಪ್ಪ ಒಂದೇ ಮಾತಿನಲ್ಲಿ ಕಳಿಸಿದ: "ವ್ಯವಸಾಯಗಾರನಿಗೆ ಮಗಳನ್ನ ಕೊಡಕಾಯ್ತದಾ?" ಹೆಣ್ಣು ಕೊಡದ ಊರಿನವರಲ್ಲಿ ತಾನೂ ಒಬ್ಬ ಅಂತ ಅವನಿಗೆ ಗೊತ್ತಿತ್ತು, ಅದಕ್ಕೇ ಮಗನ ಬಗ್ಗೆ ಅಷ್ಟು ಹೆದರಿಕೆ.

ಅಕ್ಕ ಮತ್ತು ತಮ್ಮನ ನಡುವಿನ ವ್ಯತ್ಯಾಸ ಈಗ ಕಾಣುತ್ತದೆ. ಅಕ್ಕನ ಓದನ್ನು ಮನೆಯವರು ಮದುವೆಗೆ ಮುಂಚಿನ ಒಂದು ತಂಗುದಾಣದ ಹಾಗೆ ನೋಡಿದರು. ಅಲ್ಲಿ ಕೂತು ಅವಳು ಏನು ಇಷ್ಟಪಟ್ಟರೂ ಯಾರಿಗೂ ತೊಂದರೆ ಇರಲಿಲ್ಲ, ಹಾಗಾಗಿ ಓದಿನೊಳಗೆ ಅವಳಿಗೆ ಜಾಗ ಸಿಕ್ಕಿತು. ತಮ್ಮನ ಓದೇ ಅವನ ಮದುವೆ. ಅದನ್ನು ಅಲ್ಲಾಡಿಸುವ ಹಾಗಿಲ್ಲ. ಮದುವೆಯ ವಿಷಯಕ್ಕೆ ಬಂದರೆ ಇದು ತಿರುಗುಮುರುಗು. ಹುಡುಗನಿಗೆ ಕೆಲಸ ಸಿಕ್ಕಿತು ಅಂದರೆ ಯಾವಾಗ, ಎಂಥವಳು ಅಂತ ಅವನೂ ನಾಲ್ಕು ಮಾತಾಡಬಹುದು. ಹುಡುಗಿಗೆ ಆ ಮಾತಿನ ಸರದಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮೊದಲು "ಓದು ಮುಗಿಸು, ಆಮೇಲೆ ನಿನ್ನಿಷ್ಟ". ಓದು ಮುಗಿದರೆ "ಮದುವೆ ಆಗಲಿ, ಆಮೇಲೆ ನಿನ್ನಿಷ್ಟ". ಮದುವೆ ಆದರೆ "ನಿಮ್ಮ ಅತ್ತೆ ಮನೇಲಿ ಕೇಳವ್ವ". ಇನ್ನು ಕೆಲವು ಮನೆಗಳಲ್ಲಿ ಇದು ತೊಟ್ಟಿಲಿನಿಂದಲೇ ಶುರು. ಅಕ್ಕನ ಮಗಳನ್ನು ಸೋದರಮಾವನಿಗೆ ತಂದುಕೊಳ್ಳುವ ವಾಡಿಕೆ ಇರುವ ಕಡೆ "ಇವಳು ಮಾವನಿಗೇ" ಅನ್ನುವ ತಮಾಷೆ ಕೇಳುತ್ತಲೇ ಹುಡುಗಿ ದೊಡ್ಡವಳಾಗುತ್ತಾಳೆ. ತಮಾಷೆ ಯಾವಾಗ ನಿಜವಾಯಿತು ಅಂತ ಅವಳಿಗೇ ಗೊತ್ತಾಗುವುದಿಲ್ಲ.

ತಮ್ಮನಿಗೆ ಮುಂದೇನಾಯಿತು? ಪಿಯುಸಿ ಮ್ಯಾಥ್ಸ್ ತೆವಳಿಕೊಂಡು ಪಾಸು. ಮ್ಯಾನೇಜ್‌ಮೆಂಟ್ ಸೀಟಿಗೆ ಕೈಸಾಲ ಮಾಡಿ ಇಂಜಿನಿಯರಿಂಗ್ ಸೇರಿಸಿದರು. ಮೊದಲ ಸೆಮ್‌ನಲ್ಲೇ ಎರಡು ಬ್ಯಾಕ್. ಅವನು ಜಗಳ ಮಾಡಲಿಲ್ಲ, ಬಿಡ್ತೀನಿ ಅನ್ನಲೂ ಇಲ್ಲ. ಅಂಕ ಎಷ್ಟು ಅಂದರೆ ಸುಳ್ಳು ಹೇಳಲು ಶುರು ಮಾಡಿದ. ರಜೆಗೆ ಬಂದರೆ ಕೊಟ್ಟಿಗೆ ಕಡೆ ತಲೆ ಹಾಕದಾದ, ಇದು ನನಗೆ ಎಲ್ಲಕ್ಕಿಂತ ಕಳವಳದ ಸಂಗತಿ ಅನ್ನಿಸಿತು. ರಾತ್ರಿಯೆಲ್ಲ ಫೋನು. ಒಂದೇ ಪ್ರಶ್ನೆ ತಲೆಯಲ್ಲಿ ಗಾಣದ ಹಾಗೆ ಸುತ್ತುತ್ತದೆ, ಎಲ್ಲೂ ಮುಟ್ಟುವುದಿಲ್ಲ. ಲಾಯ್ಕ್ಸ್ ತಂಡ ಈ ಥರದ ಹುಡುಕಾಟವನ್ನು ಬೇರೆಯಾಗಿಯೇ ಗುರುತಿಸಿದೆ. ನೋಡಲು ಯೋಚನೆ ಮಾಡುತ್ತಿದ್ದಾನೆ ಅನ್ನಿಸುತ್ತದೆ, ಆದರೆ ಹೊಸ ಮಾಹಿತಿ ಒಳಗೆ ಬರುವುದೂ ಇಲ್ಲ, ತೀರ್ಮಾನ ಹೊರಗೆ ಬರುವುದೂ ಇಲ್ಲ. ಖಿನ್ನತೆಯ ಲಕ್ಷಣಗಳ ಜೊತೆ ಕಾಣಿಸಿಕೊಳ್ಳುವುದು ಈ ಬಗೆಯದ್ದು. ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಬದುಕಿ ಏನು ಅನ್ನುವ ಮಾತು ಬಂದರೆ, ಅದು ಮನೆಯಲ್ಲಿ ಕೂತು ಬುದ್ಧಿ ಹೇಳುವ ಹಂತ ದಾಟಿದೆ ಅಂತ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಇಲ್ಲಿ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಫೀಸಿನ ಲೆಕ್ಕ ಅವ್ವನಿಗೆ ಕೇಳುವ ಹಾಗೆ ಹೇಳುತ್ತಿದ್ದ. ಅಂಕ ಬಂದರೆ ಪ್ರೀತಿ ಜಾಸ್ತಿ, ಬರದಿದ್ದರೆ ಪ್ರೀತಿ ಕಡಿಮೆ ಅನ್ನುವ ಈ ರೀತಿಯ ಬಗ್ಗೆ ಇಸ್ರೇಲಿನ ಅವಿ ಅಸ್ಸೋರ್ ಮತ್ತು ಜೊತೆಗಾರರು 2004ರಲ್ಲಿ ಬರೆದಿದ್ದಾರೆ. ಇದು ಕೆಲಸ ಮಾಡುತ್ತದೆ, ಅದೇ ತೊಂದರೆ. ಮಕ್ಕಳು ಹೇಳಿದಂತೆ ನಡೆಯುತ್ತಾರೆ, ಆದರೆ ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗೆ. ಗೆದ್ದರೂ ಖುಷಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅಪ್ಪ ಅಮ್ಮನ ಮೇಲೆ ಸಿಟ್ಟು ಉಳಿಯುತ್ತದೆ. ಮಿಲ್ಲರ್ ಮೈಸೂರಿನಲ್ಲಿ ಕಂಡ ಕರ್ತವ್ಯಕ್ಕೂ ಇದಕ್ಕೂ ಗೆರೆ ಎಳೆಯಬೇಕಾದದ್ದು ಇಲ್ಲಿ. ಮನೆಗಾಗಿ ಮಾಡುತ್ತೇನೆ ಅನ್ನುವುದು ಬೇರೆ, ಮಾಡದಿದ್ದರೆ ಮನೆಯಲ್ಲಿ ನನಗೆ ಜಾಗ ಇಲ್ಲ ಅನ್ನುವುದು ಬೇರೆ.

ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಗುರುತು ಹಿಡಿಯಲು ನನಗೆ ಗೊತ್ತಿರುವ ಒಳ್ಳೆ ಪ್ರಶ್ನೆ, "ನಿನ್ನ ಓದಿನಲ್ಲಿ ನಿನಗೆ ಹಿಡಿಸದ್ದು ಏನು?" ತನ್ನದು ಮಾಡಿಕೊಂಡವರು ತಕ್ಷಣ ಒಂದು ದೂರು ಹೇಳುತ್ತಾರೆ, ಸಣ್ಣದು, ನಿರ್ದಿಷ್ಟವಾದದ್ದು. ಅಕ್ಕ ಹೇಳಿದ್ದು, ಬೇರೆಯವರು ಬರೆದ ಕೋಡ್ ಸರಿಪಡಿಸುವುದು ತಲೆನೋವು ಅಂತ. ತಮ್ಮ ಹೇಳಿದ್ದು, "ಎಲ್ಲ ಚೆನ್ನಾಗೈತೆ ಸಾರ್." ಇನ್ನೊಂದು ಗುರುತು, ಕಾರಣ ಕೇಳಿದಾಗ ಬರುವ ಮಾತು ಯಾರದ್ದು ಅನ್ನುವುದು. ಅಪ್ಪನ ವಾಕ್ಯವೇ, ಅಪ್ಪನ ಧಾಟಿಯಲ್ಲೇ ಬಂದರೆ ಹುಡುಗ ಅದನ್ನು ಇನ್ನೂ ಒಡೆದು ನೋಡಿಲ್ಲ ಅಂತ. ಎಲ್ಲ ಸರಿಯಿದ್ದಾಗ ಇದರಿಂದ ತೊಂದರೆ ಕಾಣುವುದಿಲ್ಲ. ಮೊದಲ ಫೇಲು, ಮೊದಲ ರಿಜೆಕ್ಷನ್ ಬಂದಾಗ ಕಾಣುತ್ತದೆ, ಯಾಕೆಂದರೆ ಬಿದ್ದಾಗ ಹಿಡಿದುಕೊಳ್ಳಲು ಅವನ ಸ್ವಂತ ಕಾರಣ ಒಂದೂ ಇರುವುದಿಲ್ಲ.

ಮನೆಯವರು ಏನು ಮಾಡಬಹುದಿತ್ತು? ಆ ಕೌಂಟರಿನಲ್ಲಿ ಪಿಸಿಎಂಬಿ ಅಂತ ಬರೆಸಿದ್ದರೆ ಅಪ್ಪನ ಇಂಜಿನಿಯರಿಂಗೂ ಉಳಿಯುತ್ತಿತ್ತು, ಮಗನ ವೆಟರ್ನರಿಯೂ ಉಳಿಯುತ್ತಿತ್ತು, ಎರಡು ವರ್ಷ ಓದಿನ ಹೊರೆ ಸ್ವಲ್ಪ ಜಾಸ್ತಿ ಆಗುತ್ತಿತ್ತು ಅಷ್ಟೇ. ಯಾರೂ ಸೋಲದೆ ಎರಡು ವರ್ಷ ಸಮಯ ಸಿಗುತ್ತಿತ್ತು. ಹದಿಹರೆಯದವರಿಗೆ ಸಮಾಜ ಕೊಡಬೇಕಾದದ್ದು ಇಂಥ ಸಮಯ ಅಂತಲೇ ಎರಿಕ್ಸನ್ ಹೇಳಿದ್ದು. ಜೊತೆಗೆ ಅಪ್ಪ ಹೇಳದ ಕಾರಣವನ್ನು ಹೇಳಿಬಿಡಬೇಕಿತ್ತು. ಬಯಾಲಜಿ ಕಷ್ಟ ಅನ್ನುವ ನೆಪಕ್ಕೆ ಹುಡುಗ ಉತ್ತರ ಕೊಟ್ಟು ಏನು ಪ್ರಯೋಜನ? ನಿನಗೆ ಹೆಣ್ಣು ಸಿಗಲ್ಲ ಅಂತ ನನಗೆ ಭಯ ಅಂದಿದ್ದರೆ ಅದಕ್ಕೆ ಅವನು ಉತ್ತರ ಕೊಡಬಹುದಿತ್ತು. ವೆಟರ್ನರಿ ಡಾಕ್ಟರಿಗೆ ಹೆಣ್ಣು ಕೊಡ್ತಾರಲ್ಲಪ್ಪ ಅನ್ನುವಷ್ಟಾದರೂ.

ಈ ಮಾತುಕತೆಗೆ ಮಿತಿ ಇದೆ. ಮಗನ ಆಸೆ ಡಿಗ್ರಿಯಿಲ್ಲದ ಬರೀ ಬೇಸಾಯವೇ ಆಗಿದ್ದರೆ ಎಷ್ಟು ಬಿಚ್ಚಿ ಮಾತಾಡಿದರೂ ಅಪ್ಪನ ಭಯಕ್ಕೆ ಉತ್ತರ ಇರುತ್ತಿರಲಿಲ್ಲ. ಅದು ಮನಶ್ಶಾಸ್ತ್ರದ ಕೈಯಲ್ಲಿಲ್ಲ, ಕಬ್ಬಿನ ಬಾಕಿ ಹಣ ಯಾವಾಗ ಬರುತ್ತದೆ, ಸೊಸೆಯ ಪಾಲಿಗೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದರಲ್ಲಿದೆ. ಹಾಗೆಯೇ ಎಷ್ಟೋ ಹುಡುಗಿಯರಿಗೆ ಹದಿನಾರರಲ್ಲಿ ಕಾಂಬಿನೇಷನ್ ಪ್ರಶ್ನೆಯೇ ಬರುವುದಿಲ್ಲ, ಪಿಯುಸಿಗೆ ಕಳಿಸುವುದಾ ಸಂಬಂಧ ನೋಡುವುದಾ ಅನ್ನುವುದೇ ಪ್ರಶ್ನೆ. ಹದಿನೆಂಟಕ್ಕೆ ಮುಂಚೆ ಮದುವೆ ಮಾಡಿದರೆ ಅಪರಾಧ ಅಂತ 2006ರ ಕಾನೂನು ಹೇಳುತ್ತದೆ, ಅಲ್ಲಿ ಮಾತಾಡಬೇಕಾದವರು ಬೇರೆ.

ತಮ್ಮ ಈಗ ಎರಡನೇ ವರ್ಷದಲ್ಲಿದ್ದಾನೆ, ಬ್ಯಾಕ್ ಇನ್ನೂ ಇವೆ. ಅಕ್ಕನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ, ಸಂಬಂಧ ನೋಡುತ್ತಿದ್ದಾರೆ. ಮೊನ್ನೆ ಬಂದ ಗಂಡಿನ ಕಡೆಯವರು ಮದುವೆ ಆದ ಮೇಲೆ ಕೆಲಸ ಮುಂದುವರಿಸುವುದು ನೋಡೋಣ ಅಂದರಂತೆ. ಇದೊಂದು ವಿಷಯ ಮೊದಲೇ ತೀರ್ಮಾನ ಆಗಲಿ, ಆಮೇಲೆ ಬೇಕಾದರೆ ಜಾತಕ ನೋಡಿ ಅಂತ ಅವಳು ಅಪ್ಪನಿಗೆ ಹೇಳಿದ್ದಾಳೆ. ಅಪ್ಪ ಇನ್ನೂ ಉತ್ತರ ಕೊಟ್ಟಿಲ್ಲ.